ನಿಮಗಿದು ಗೊತ್ತೇ? ಕಾರ್ಡು ಕಿಸೆಯಲ್ಲೇ ಇದೆ, ದುಡ್ಡು ಮಾತ್ರ ಹೋಗಿದೆ!

ಕೆದಂಬಾಡಿಯ ಒಂದು ಮನೆ. ಅಡಿಕೆ ಮಾರಿದ ದುಡ್ಡು ಪುತ್ತೂರಿನ ಬ್ಯಾಂಕಿನಲ್ಲಿದೆ. ಎಟಿಎಂ ಕಾರ್ಡು ಕಪಾಟಿನಲ್ಲಿದೆ. ಆದರೆ ತಿಂಗಳ ಸ್ಟೇಟ್‌ಮೆಂಟ್ ತೆರೆದರೆ ಯಾರೂ ಮಾಡದ ಖರೀದಿಯೊಂದು ಅದರಲ್ಲಿ ಕೂತಿದೆ! ಹೋದ ದುಡ್ಡು ಹೋಯಿತು ಎಂದು ತಲೆ ಮೇಲೆ ಕೈಹೊತ್ತು ಕೂರಬೇಡಿ. ಅದು ಪೂರ್ತಿ ವಾಪಸ್ ಬರುವುದಕ್ಕೂ ನಿಯಮವಿದೆ!

ಆ ನಿಯಮ ಹುಟ್ಟಿದ ದಿನ ಯಾವುದು ಗೊತ್ತೇ? 2017ರ ಜುಲೈ 6. ಗ್ರಾಹಕ ಮಾಡದ ಎಲೆಕ್ಟ್ರಾನಿಕ್ ವಹಿವಾಟಿಗೆ ಯಾರು ಎಷ್ಟು ಹೊಣೆ ಎಂದು ರಿಸರ್ವ್ ಬ್ಯಾಂಕ್ ಅಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ಸುತ್ತೋಲೆ ಬಂತು. ಅಂದರೆ ಡಿಸಿಸಿ ಬ್ಯಾಂಕಿನ ಕಾರ್ಡಿಗೂ ರಕ್ಷಣೆಯಿದೆ!

ಆದರೆ ಊರಿನ ಕೃಷಿ ಪತ್ತಿನ ಸಹಕಾರಿ ಸಂಘ, ನಾವು ಸಲೀಸಾಗಿ ‘ಸೊಸೈಟಿ’ ಅನ್ನುತ್ತೇವಲ್ಲ, ಅದು ಈ ಲೆಕ್ಕದಲ್ಲಿ ಬ್ಯಾಂಕೇ ಅಲ್ಲ! ರಿಸರ್ವ್ ಬ್ಯಾಂಕಿನ ಈ ಸುತ್ತೋಲೆ ಅಲ್ಲಿನ ಖಾತೆಯನ್ನು ಮುಟ್ಟುವುದಿಲ್ಲ. ಎರಡೂ ಕಡೆ ಪಾಸ್‌ಬುಕ್ ಒಂದೇ ಥರ ಕಂಡರೂ!

ಕಾರ್ಡು ಇಲ್ಲೇ, ಕಳ್ಳ ಎಲ್ಲೋ!

ಕಾರ್ಡು ಮನೆಯಲ್ಲಿದ್ದೂ ಹಣ ಹೋಗುವುದು ಹೇಗೆ? ದೂರ ಹೋಗಬೇಕಿಲ್ಲ. 2021ರ ಆರಂಭದಲ್ಲಿ ಮಂಗಳೂರಿನ ಎಟಿಎಂಗಳಲ್ಲಿ ಸ್ಕಿಮ್ಮಿಂಗ್ ಯಂತ್ರ ಇಟ್ಟಿದ್ದ ತಂಡವೊಂದನ್ನು ಪೊಲೀಸರು ಹಿಡಿದರು. ಕಾರ್ಡು ತೂರಿಸುವ ಬಾಯಿಯಲ್ಲಿ ಒಂದು ಪುಟ್ಟ ಸಾಧನ. ಅದು ಕಾರ್ಡಿನ ಕಪ್ಪು ಪಟ್ಟಿಯನ್ನು ಓದಿಕೊಳ್ಳುತ್ತದೆ. ಮೇಲೊಂದು ಕಣ್ಣಿಗೆ ಬೀಳದ ಕ್ಯಾಮೆರಾ. ಅದು ನೀವು ಒತ್ತುವ ಪಿನ್ ನೋಡಿಕೊಳ್ಳುತ್ತದೆ. ನೀವು ಹಣ ತೆಗೆದು ಮನೆಗೆ ಬರುತ್ತೀರಿ. ನಿಮ್ಮ ಕಾರ್ಡಿನ ಜೋಡಿ ಇನ್ನೆಲ್ಲೋ ತಯಾರಾಗುತ್ತದೆ!

ಇಂಥ ಕಡೆ ತಪ್ಪು ನಿಮ್ಮದಲ್ಲ. ಬ್ಯಾಂಕಿನದೂ ಅಲ್ಲ ಎಂದೇ ಇಟ್ಟುಕೊಳ್ಳಿ. ಮಧ್ಯೆ ಎಲ್ಲೋ ಮೂರನೆಯವನು ಕನ್ನ ಹಾಕಿದ್ದಾನೆ. ಆಗ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮ್ಮ ನಷ್ಟ ಎಷ್ಟು ಗೊತ್ತೇ? ಸೊನ್ನೆ! ಒಂದು ರೂಪಾಯಿಯೂ ಇಲ್ಲ!

ತಪ್ಪು ಬ್ಯಾಂಕಿನದೇ ಆಗಿದ್ದರೆ? ಆಗ ಮೂರು ದಿನದ ಗಡುವೂ ಇಲ್ಲ! ನೀವು ತಿಳಿಸಿ, ತಿಳಿಸದಿರಿ, ನಷ್ಟ ಬ್ಯಾಂಕಿನದೇ!

ಕಳ್ಳ ಮೊದಲು ಎಷ್ಟು ಕದಿಯುತ್ತಾನೆ ಗೊತ್ತೇ? ಎಷ್ಟೋ ಸಲ ಒಂದೋ ಎರಡೋ ರೂಪಾಯಿ! ಕದ್ದ ಕಾರ್ಡಿನ ಸಂಖ್ಯೆ ಜೀವಂತ ಇದೆಯೇ ಎಂದು ಹೀಗೆ ತಟ್ಟಿ ನೋಡುತ್ತಾನೆ. ತೆಂಗಿನಕಾಯಿ ಕೊಳ್ಳುವವನು ಬೆರಳಲ್ಲಿ ತಟ್ಟಿ ನೋಡಿದ ಹಾಗೆ! ಆದ್ದರಿಂದ ಸ್ಟೇಟ್‌ಮೆಂಟಿನ ಚಿಲ್ಲರೆ ಸಾಲನ್ನು ‘ಹೋಗಲಿ ಬಿಡಿ ಮಾರಾಯ್ರೆ’ ಎಂದು ದಾಟಬೇಡಿ. ದೊಡ್ಡ ಸಾಲು ಅದರ ಬೆನ್ನಿಗೇ ಬರಬಹುದು!

ಒಟಿಪಿ ಬಾರದೆಯೂ ಹಣ ಹೋಗುತ್ತದೆಯೇ? ಹೋಗುತ್ತದೆ! ನಮ್ಮ ದೇಶದ ಆನ್‌ಲೈನ್ ಅಂಗಡಿಗಳು ಒಟಿಪಿ ಕೇಳುತ್ತವೆ. ಹೊರದೇಶದ ಎಷ್ಟೋ ತಾಣಗಳು ಕಾರ್ಡಿನ ಸಂಖ್ಯೆ, ಅವಧಿ ಮತ್ತು ಹಿಂದಿನ ಮೂರಂಕಿ ಸಿಕ್ಕರೆ ಸಾಕೆಂದು ಬಿಲ್ ಮಾಡಿಬಿಡುತ್ತಿದ್ದವು. ಅದಕ್ಕೇ ಸ್ಟೇಟ್‌ಮೆಂಟಿನಲ್ಲಿ ಡಾಲರ್ ಸಾಲು ಕಂಡರೆ ಎರಡು ಸಲ ನೋಡಿ!

ಅಪರಿಚಿತ ಹೆಸರೆಲ್ಲ ಕಳ್ಳನದಲ್ಲ!

ಇದು ತಮಾಷೆಯದು. ಪೇಟೆಯ ಪಂಪಿನಲ್ಲಿ ಪೆಟ್ರೋಲ್ ಹಾಕಿಸಿರುತ್ತೀರಿ. ಸ್ಟೇಟ್‌ಮೆಂಟಿನಲ್ಲಿ ಪಂಪಿನ ಫಲಕದ ಹೆಸರಿಲ್ಲ, ಮಾಲೀಕರ ಸಂಸ್ಥೆಯ ಹೆಸರಿದೆ! ಆನ್‌ಲೈನಿನಲ್ಲಿ ಬಟ್ಟೆ ತರಿಸಿರುತ್ತೀರಿ. ಊರು ಮಾತ್ರ ಮುಂಬಯಿ! ಹೆದರುವ ಮುನ್ನ ದಿನಾಂಕ, ಮೊತ್ತ ಎರಡನ್ನೂ ಬಿಲ್ಲಿನೊಂದಿಗೆ ಹೋಲಿಸಿ.

ಸಾಲಿನ ಆರಂಭದಲ್ಲೇ ಸುಳಿವು ಇರುತ್ತದೆ. `POS` ಎಂದಿದ್ದರೆ ಅಂಗಡಿಯ ಯಂತ್ರಕ್ಕೆ ಕಾರ್ಡು ತೋರಿಸಿದ್ದು. `ECOM` ಎಂದಿದ್ದರೆ ಆನ್‌ಲೈನ್ ಖರೀದಿ. `ATM` ಎಂದಿದ್ದರೆ ನಗದು. ನೀವು ಆನ್‌ಲೈನಿನಲ್ಲಿ ಏನೂ ಕೊಳ್ಳುವವರೇ ಅಲ್ಲ, ಆದರೂ `ECOM` ಎಂಬ ಸಾಲು ಇದೆ. ಸಿಕ್ಕಿಬಿದ್ದಿತಲ್ಲ!

ಇನ್ನೊಂದು ವೇಷವಿದೆ. ಮಗ ಎಂದೋ ನಿಮ್ಮ ಕಾರ್ಡು ಹಾಕಿ ಸಿನಿಮಾ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದ್ದ. ಈಗ ತಿಂಗಳು ತಿಂಗಳೂ ತಾನಾಗಿ ಹಣ ಕಡಿತವಾಗುತ್ತಿದೆ. ಇದು ಕಳ್ಳತನವಲ್ಲ, ಮರೆವು! ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲೇ ಎಚ್ಚರಿಕೆಯ ಸಂದೇಶ ಬರಬೇಕು ಎಂಬ ನಿಯಮ 2021ರ ಅಕ್ಟೋಬರ್‌ನಿಂದಲೇ ಇದೆ. ಹಳೆಯ ಮೆಸೇಜುಗಳಲ್ಲಿ ಹುಡುಕಿ, ಸಿಕ್ಕೀತು!

ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಇದೂ ಕಳ್ಳನ ಕೆಲಸವಲ್ಲ! ಇದಕ್ಕೆ ಬೇರೆಯೇ ನಿಯಮ, 2019ರದು. ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ಹಣ ಮರಳಿಸಬೇಕು. ತಡವಾದರೆ ದಿನಕ್ಕೆ ₹100ರಂತೆ ನಿಮಗೇ ಪರಿಹಾರ ಕೊಡಬೇಕು!

ಗಡಿಯಾರ ಓಡಲು ತೊಡಗುವುದು ಯಾವಾಗ?

ಇಲ್ಲೇ ಹೆಚ್ಚಿನವರು ಎಡವುವುದು. ‘ನಾನು ಸ್ಟೇಟ್‌ಮೆಂಟ್ ನೋಡಿದ್ದು ಇವತ್ತು, ಮೂರು ದಿನ ಇವತ್ತಿನಿಂದ’ ಎಂದುಕೊಳ್ಳುತ್ತೇವೆ. ಅಲ್ಲ! ಆ ವಹಿವಾಟಿನ ಬಗ್ಗೆ ಬ್ಯಾಂಕಿನ ಸಂದೇಶ ನಿಮಗೆ ಬಂದಾಗಲೇ ಗಡಿಯಾರಕ್ಕೆ ಕೀಲಿ ಕೊಟ್ಟಾಯಿತು. ಓದದೆ ಬಿಟ್ಟ ಎಸ್ಸೆಮ್ಮೆಸ್ಸೂ ಬಂದ ಸಂದೇಶವೇ! ಸ್ಟೇಟ್‌ಮೆಂಟ್ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದೇ ಹೋಗಿರಬಹುದು!

ಎಸ್ಸೆಮ್ಮೆಸ್ ಬಂದೇ ಇಲ್ಲವೇ? ಆಗ ಆಟ ತಿರುಗುತ್ತದೆ! ಸಂದೇಶ ತಲುಪಿದ ದಿನ, ಗಂಟೆ ಎರಡನ್ನೂ ಬ್ಯಾಂಕಿನ ವ್ಯವಸ್ಥೆ ದಾಖಲಿಸಿಡಬೇಕು. ತಲುಪಿತು ಎನ್ನುವುದಾದರೆ ತೋರಿಸಲಿ! ಮೊದಲು ಕಂಡದ್ದೇ ಸ್ಟೇಟ್‌ಮೆಂಟಿನಲ್ಲಿ ಎಂದಾದರೆ ದೂರಿನಲ್ಲಿ ಮೊದಲ ಸಾಲಿಗೇ ಅದನ್ನು ಬರೆಯಿರಿ. ಗುಡ್ಡೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆಗಳವರಿಗೆ ಇದರ ಬೆಲೆ ಗೊತ್ತು!

ಬ್ಯಾಂಕಿನ ಲೆಕ್ಕವನ್ನು ಕೂಡಲೇ ನೋಡುವುದು ನಮ್ಮ ಜಿಲ್ಲೆಯವರಿಗೆ ಹೊಸತೇನಲ್ಲ. ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ, ಮಂಗಳೂರಿನಲ್ಲಿ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಶುರು ಮಾಡಿದರು. ಪಿಗ್ಮಿಯವರು ಮನೆ ಬಾಗಿಲಿಗೆ ಬಂದು, ಪಡೆದ ದುಡ್ಡನ್ನು ಕಣ್ಣೆದುರೇ ಬರೆದುಕೊಡುತ್ತಿದ್ದರು. ಅಜ್ಜಿಯಂದಿರು ಅಂಕಿ ಸರಿಯಿದೆಯೇ ಎಂದು ನೋಡಿಯೇ ಒಳಗೆ ಹೋಗುತ್ತಿದ್ದರು. ಈಗಿನ ಎಸ್ಸೆಮ್ಮೆಸ್ ಅದೇ ಚೀಟಿ, ನೋಡುವವರು ಮಾತ್ರ ಇಲ್ಲ!

ಮೂರು ದಿನ ಅಂದರೆ ಐದು ದಿನ!

ಒಬ್ಬ ಕೃಷಿಕರನ್ನು ಊಹಿಸಿಕೊಳ್ಳಿ. ಗುರುವಾರ ರಾತ್ರಿ 11.40ಕ್ಕೆ ಅವರ ಮೊಬೈಲಿಗೆ ಮೂರು ಸಂದೇಶ. ₹18,000, ಮತ್ತೆ ₹18,000, ಮತ್ತೆ ₹6,000. ಒಟ್ಟು ₹42,000 ಹೋಗಿದೆ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದನೇ ದಿನ. ಮಾರನೆಯದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮತ್ತೆ ಭಾನುವಾರ. ಸೋಮವಾರ ಎರಡನೇ ದಿನ. ಮಂಗಳವಾರ ಮೂರನೇ ದಿನ! ಮೂರು ದಿನ ಹಿಗ್ಗಿ ಐದಾಯಿತು ನೋಡಿ!

ಯಾವ ಬ್ಯಾಂಕಿನ ರಜೆ? ನಿಮ್ಮ ಖಾತೆಯಿರುವ ಶಾಖೆಯದು! ನೀವು ಬೆಂಗಳೂರಿನಲ್ಲಿದ್ದೀರಿ, ಖಾತೆ ಇನ್ನೂ ಪುತ್ತೂರಿನಲ್ಲೇ ಇದೆ ಎಂದುಕೊಳ್ಳಿ. ಪುತ್ತೂರಿನ ಶಾಖೆಗೆ ರಜೆಯಾದ ದಿನ, ಬೆಂಗಳೂರಿನ ಶಾಖೆಗಳೆಲ್ಲ ತೆರೆದಿದ್ದರೂ, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ!

ಈಗ ಆ ಕೃಷಿಕರು ಮಂಗಳವಾರದೊಳಗೆ ತಿಳಿಸಿದರು ಎನ್ನಿ. ತಪ್ಪು ಮೂರನೆಯವನದಾದರೆ ₹42,000 ಪೂರ್ತಿ ವಾಪಸ್!

ಬುಧವಾರ ತಿಳಿಸಿದರೆ? ಅದು ನಾಲ್ಕನೇ ದಿನ. ನಾಲ್ಕರಿಂದ ಏಳನೇ ಕೆಲಸದ ದಿನದವರೆಗೆ ಸಾಮಾನ್ಯ ಉಳಿತಾಯ ಖಾತೆಯವರು ಹೊರಬೇಕಾದ ಮಿತಿ ₹10,000. ಅಷ್ಟೇ ತಾನೇ ಎಂದಿರಾ? ಅದು ಒಟ್ಟಿಗಲ್ಲ, ಪ್ರತಿಯೊಂದು ವಹಿವಾಟಿಗೆ! ಹೋದ ಮೊತ್ತ ₹10,000ಕ್ಕಿಂತ ಕಡಿಮೆಯಿದ್ದರೆ ಆ ಮೊತ್ತವೇ ಮಿತಿ.

ಲೆಕ್ಕ ಹಾಕೋಣ. ಮೊದಲ ₹18,000ದಲ್ಲಿ ₹10,000 ಇವರ ತಲೆಗೆ. ಎರಡನೆಯದರಲ್ಲೂ ₹10,000. ಮೂರನೆಯದು ₹6,000, ಪೂರ್ತಿ ಇವರದೇ. ಒಟ್ಟು ₹26,000 ನಷ್ಟ, ವಾಪಸ್ ಬರುವುದು ₹16,000 ಮಾತ್ರ. ಒಂದೇ ಒಂದು ದಿನದ ಉದಾಸೀನಕ್ಕೆ ₹26,000!

ಏಳನೇ ದಿನವೂ ದಾಟಿತೇ? ಆಗ ನಿಮ್ಮ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಏನು ಹೇಳುತ್ತದೋ ಅದು. ಆ ನೀತಿಯನ್ನು ಬ್ಯಾಂಕು ಗುಟ್ಟಾಗಿ ಇಡುವಂತಿಲ್ಲ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು!

ಮಿತಿ ಎಲ್ಲರಿಗೂ ಒಂದೇ ಅಲ್ಲ. ಜನಧನದಂಥ ಮೂಲ ಉಳಿತಾಯ ಖಾತೆಗೆ ₹5,000. ₹5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ₹10,000. ಅದಕ್ಕೂ ದೊಡ್ಡ ಕ್ರೆಡಿಟ್ ಕಾರ್ಡಿಗೆ ₹25,000. ಕಾರ್ಡು ದೊಡ್ಡದಾದಷ್ಟೂ ತಡಮಾಡಿದ ದಂಡವೂ ದೊಡ್ಡದು!

ಒಟಿಪಿ ಹೇಳಿಬಿಟ್ಟೆ, ಮುಗಿಯಿತೇ?

ಮುಗಿಯಲಿಲ್ಲ! ಪಿನ್ನೋ ಒಟಿಪಿಯೋ ನೀವೇ ಹೇಳಿಬಿಟ್ಟದ್ದು ಅಜಾಗರೂಕತೆ ಎಂದಾದರೆ, ನೀವು ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರದ್ದು ಬ್ಯಾಂಕಿನದು! 10.05ಕ್ಕೆ ಒಮ್ಮೆ ಹೋಯಿತು, 10.20ಕ್ಕೆ ಬ್ಯಾಂಕಿಗೆ ಫೋನ್ ಮಾಡಿದಿರಿ, 10.30ಕ್ಕೆ ಇನ್ನೊಮ್ಮೆ ಹೋಯಿತು. ಆ 10.30ರದ್ದು ಬ್ಯಾಂಕಿನ ತಲೆಗೆ! ನಾಚಿಕೆಯಿಂದ ಬಾಯಿ ಮುಚ್ಚಿ ಕೂತರೆ ನಿಮಿಷ ನಿಮಿಷಕ್ಕೂ ನಷ್ಟ ನಿಮ್ಮದೇ.

‘ಅಜಾಗರೂಕತೆ ನಿಮ್ಮದೇ’ ಎಂದು ಬ್ಯಾಂಕು ಹೇಳಿದ ಮಾತ್ರಕ್ಕೆ ಮುಗಿಯಿತೇ? ಇಲ್ಲ! ಅದನ್ನು ಸಾಬೀತು ಮಾಡಬೇಕಾದ್ದು ಯಾರು ಗೊತ್ತೇ? ನೀವಲ್ಲ, ಬ್ಯಾಂಕು! ಸುತ್ತೋಲೆಯಲ್ಲೇ ಹಾಗೆಂದು ಬರೆದಿದೆ.

ಗುವಾಹಟಿಯ ಗ್ರಾಹಕರೊಬ್ಬರ ಕತೆ ಕೇಳಿ. ಆನ್‌ಲೈನಿನಲ್ಲಿ ಕೊಂಡ ಬಟ್ಟೆ ವಾಪಸ್ ಮಾಡಲು ಹೋಗಿ ಮೋಸಗಾರನ ಕೈಗೆ ಸಿಕ್ಕಿ ₹94,204 ಕಳೆದುಕೊಂಡರು. 24 ಗಂಟೆಯೊಳಗೆ ಎಸ್‌ಬಿಐಗೆ ತಿಳಿಸಿದರು. ಬ್ಯಾಂಕು ಒಪ್ಪಲಿಲ್ಲ. ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 3ರಂದು ಗೆದ್ದದ್ದು ಗ್ರಾಹಕರು! ಬೇಗ ತಿಳಿಸಿದ್ದು ಅವರ ಕೈಹಿಡಿಯಿತು.

ನಮ್ಮ ಪಕ್ಕದ ಕೇರಳದಲ್ಲಿ ಇನ್ನೊಂದು ಸೋಜಿಗ! ‘ಎಸ್ಸೆಮ್ಮೆಸ್ ಕಳಿಸಿದ್ದೆವು, ಗ್ರಾಹಕರು ಉತ್ತರ ಕೊಡಲಿಲ್ಲ, ಆದ್ದರಿಂದ ನಮ್ಮ ಹೊಣೆಯಿಲ್ಲ’ ಎಂಬ ಬ್ಯಾಂಕಿನ ವಾದವನ್ನು ಅಲ್ಲಿನ ಹೈಕೋರ್ಟ್ 2019ರಲ್ಲಿ ತಳ್ಳಿಹಾಕಿತು. ಹಾಗೆಂದು ಮೆಸೇಜು ನೋಡದೆ ಇರಬೇಡಿ, ಕೋರ್ಟಿನವರೆಗೆ ಓಡಾಡುವ ಖರ್ಚು ಯಾರದು!

ಬ್ಲಾಕ್ ಮಾಡಿದರೆ ದೂರು ಕೊಟ್ಟಂತಲ್ಲ!

ಹೌದು! ಕಾರ್ಡು ಬ್ಲಾಕ್ ಮಾಡಿದರೆ ಮುಂದೆ ಹೋಗುವ ಹಣ ನಿಲ್ಲುತ್ತದೆ. ಹೋದ ಹಣದ ಬಗ್ಗೆ ಬೇರೆಯೇ ದೂರು ಬೇಕು. ಎರಡೂ ಒಂದೇ ಫೋನಿನಲ್ಲಿ ಆಗಬಹುದು. ಆದರೆ ‘ಬ್ಲಾಕ್ ಮಾಡಿ’ ಎಂದಷ್ಟೇ ಹೇಳಿ ಫೋನ್ ಇಡಬೇಡಿ. ‘ಈ ದಿನಾಂಕದ ಈ ಮೊತ್ತ ನಾನು ಮಾಡಿದ್ದಲ್ಲ’ ಎಂದು ಒಂದೊಂದಾಗಿ ಹೇಳಿ.

ರಾತ್ರಿ ಹನ್ನೆರಡಕ್ಕೆ ಯಾರು ಫೋನ್ ಎತ್ತುತ್ತಾರೆ? ಎತ್ತಲೇಬೇಕು! ದಿನದ 24 ಗಂಟೆಯೂ ದೂರು ಪಡೆಯುವ ದಾರಿಗಳನ್ನು ಬ್ಯಾಂಕು ತೆರೆದಿಡಬೇಕು. ಫೋನ್, ವೆಬ್‌ಸೈಟ್, ಎಸ್ಸೆಮ್ಮೆಸ್, ಇಮೇಲ್ ಯಾವುದೂ ಆದೀತು. ಬೆಳಿಗ್ಗೆ ಮ್ಯಾನೇಜರ್ ಬರಲಿ ಎಂದು ಕಾಯುವ ಅಗತ್ಯವೇ ಇಲ್ಲ!

ದೂರು ದಾಖಲಾದ ಕೂಡಲೇ ನಿಮಗೆ ಬರಬೇಕಾದದ್ದು ಏನು ಗೊತ್ತೇ? ದೂರಿನ ಸಂಖ್ಯೆ! ಅದು ತಾನಾಗಿ ಬರಬೇಕು. ‘ನೋಡ್ತೇವೆ ಅಣ್ಣ, ನೀವು ಹೋಗಿ’ ಎಂದರೆ ಅದು ದೂರಲ್ಲ, ಸಮಾಧಾನ! ಸಂಖ್ಯೆ ಸಿಗದೆ ಕೌಂಟರ್ ಬಿಡಬೇಡಿ. ಬರೆದು ಕೊಟ್ಟ ದೂರಾದರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಬ್ಯಾಂಕಿಗೆ ಹೇಳಿದ ಮೇಲೆ ಇನ್ನೊಂದು ಸಂಖ್ಯೆ ಒತ್ತಿ: 1930. ಸೈಬರ್ ವಂಚನೆಯ ಸಹಾಯವಾಣಿ ಅದು. cybercrime.gov.in ತಾಣದಲ್ಲೂ ದೂರು ಕೊಡಬಹುದು. ಹಣ ಇನ್ನೂ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರೆ ದಾರಿಯಲ್ಲೇ ತಡೆಯುವ ಅವಕಾಶವಿದೆ! ಆದರೆ ನೆನಪಿಡಿ, 1930ಕ್ಕೆ ಹೇಳಿದರೆ ಬ್ಯಾಂಕಿಗೆ ಹೇಳಿದಂತಾಗುವುದಿಲ್ಲ. ಮೂರು ದಿನದ ಲೆಕ್ಕ ನಿಲ್ಲುವುದು ಬ್ಯಾಂಕಿಗೆ ತಿಳಿಸಿದಾಗ!

ತನಿಖೆ ಮುಗಿಯುವ ಮೊದಲೇ ಹಣ!

ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ನಿಮ್ಮ ಖಾತೆಗೆ ಜಮೆ ಮಾಡಬೇಕು! ವಿಮೆ ಕಂಪನಿಯ ಹಣ ಬರಲಿ ಎಂದು ಕಾಯುವಂತಿಲ್ಲ. ಬ್ಯಾಂಕಿನವರು ಇದಕ್ಕೆ ‘ಶಾಡೋ ರಿವರ್ಸಲ್’ ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ನೆರಳಿನ ಜಮೆ, ಕೊನೆಯ ತೀರ್ಪಲ್ಲ. ತಪ್ಪು ನಿಮ್ಮದೇ ಎಂದು ಬ್ಯಾಂಕು ಸಾಬೀತು ಮಾಡಿದರೆ ವಾಪಸ್ ಹೋದೀತು!

ಇನ್ನೂ ಚೆಂದದ್ದಿದೆ. ಜಮೆಯಾದದ್ದು ಇವತ್ತಾದರೂ ಲೆಕ್ಕದಲ್ಲಿ ಅದರ ದಿನಾಂಕ ಹಣ ಹೋದ ದಿನದ್ದೇ! ಅಂದರೆ ನಡುವಿನ ಬಡ್ಡಿಯೂ ತಪ್ಪುವುದಿಲ್ಲ.

ಇಡೀ ದೂರಿಗೆ 90 ದಿನದೊಳಗೆ ಉತ್ತರ ಸಿಗಬೇಕು. ಯಾರ ಹೊಣೆ ಎಂದು ಅಷ್ಟರೊಳಗೆ ತೀರ್ಮಾನಿಸಲು ಬ್ಯಾಂಕಿಗೆ ಆಗದಿದ್ದರೆ? ನಿಯಮದ ಪ್ರಕಾರ ಸಿಗಬೇಕಾದ ಪರಿಹಾರವನ್ನು ಗ್ರಾಹಕರಿಗೆ ಕೊಟ್ಟುಬಿಡಬೇಕು!

ಕ್ರೆಡಿಟ್ ಕಾರ್ಡಿನವರಿಗೆ ಒಂದು ಗುಟ್ಟು. ‘ಇದು ವಂಚನೆ’ ಎಂದು ನೀವು ತಕರಾರು ಎತ್ತಿದ ಮೊತ್ತದ ಮೇಲೆ, ತಕರಾರು ಮುಗಿಯುವವರೆಗೆ ಶುಲ್ಕ ಹಾಕುವಂತಿಲ್ಲ. 2022ರ ನಿರ್ದೇಶನದಲ್ಲಿದೆ! ಆದರೆ ನೀವೇ ಮಾಡಿದ ಉಳಿದ ಖರ್ಚನ್ನು ಗಡುವಿಗೆ ಕಟ್ಟಿಬಿಡಿ. ಸಿಟ್ಟಿನಲ್ಲಿ ಇಡೀ ಬಿಲ್ಲೇ ಬಿಟ್ಟರೆ ಬಡ್ಡಿ ನಿಮ್ಮನ್ನು ಬಿಡುವುದಿಲ್ಲ!

ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸಲಿಲ್ಲವೇ? ಅಥವಾ ಕೊಟ್ಟ ಉತ್ತರ ಒಪ್ಪಿಗೆಯಿಲ್ಲವೇ? ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. cms.rbi.org.in ತಾಣದಲ್ಲಿ ಮನೆಯಲ್ಲೇ ಕೂತು ದೂರು ಹಾಕಬಹುದು. ವಕೀಲರು ಬೇಕಿಲ್ಲ. ಶುಲ್ಕ ಎಷ್ಟು ಗೊತ್ತೇ? ಏನೂ ಇಲ್ಲ!

ಅಮೆರಿಕದ ಅಳಿಯನಿಗೂ ಗಡುವಿದೆ!

ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ವಂಚನೆಗೆ ಗ್ರಾಹಕರ ಹೊಣೆ ಹೆಚ್ಚೆಂದರೆ 50 ಡಾಲರ್. 1970ರ ದಶಕದಿಂದಲೇ ಹೀಗೆ! ಡೆಬಿಟ್ ಕಾರ್ಡಿಗೆ ಮಾತ್ರ ಕಠಿಣ. ಕಾರ್ಡು ಕಳೆದದ್ದು ತಿಳಿದ ಎರಡು ಕೆಲಸದ ದಿನದೊಳಗೆ ಹೇಳಿದರೆ 50 ಡಾಲರ್, ತಡವಾದರೆ 500. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಹೇಳದಿದ್ದರೆ, ಆಮೇಲೆ ಹೋದ ಹಣಕ್ಕೆ ಮಿತಿಯೇ ಇಲ್ಲ! ಅಲ್ಲಿ ಸ್ಟೇಟ್‌ಮೆಂಟಿನ ಗಡಿಯಾರ, ಇಲ್ಲಿ ಸಂದೇಶದ ಗಡಿಯಾರ!

ಕಾರ್ಡಿಗೂ ಸ್ವಿಚ್ಚಿದೆ!

2020ರ ನಿಯಮ ಬಂದ ಮೇಲೆ ಹೊಸ ಕಾರ್ಡು ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್, ಹೊರದೇಶ, ತಾಗಿಸಿ ಪಾವತಿಸುವುದು, ಮೂರೂ ಮುಚ್ಚಿರುತ್ತವೆ. ಬೇಕಾದರೆ ನೀವೇ ಆ್ಯಪ್‌ನಲ್ಲಿ ತೆರೆಯಬೇಕು. ತೋಟದ ಪಂಪಿನ ಸ್ವಿಚ್ಚಿನ ಹಾಗೆ, ಕೆಲಸವಾದ ಮೇಲೆ ಆಫ್ ಮಾಡಿ! ಹೊರದೇಶದ ಸ್ವಿಚ್ಚು ಆಫ್ ಆಗಿದ್ದರೆ ಆ ಒಟಿಪಿ ಇಲ್ಲದ ಡಾಲರ್ ಸಾಲಿಗೆ ಬಾಗಿಲೇ ಇಲ್ಲ!

ಕೊನೆಯದೊಂದು. ಬ್ಯಾಂಕಿನ ಸಹಾಯವಾಣಿ ಎಲ್ಲಿ ಅಚ್ಚಾಗಿರುತ್ತದೆ? ಕಾರ್ಡಿನ ಬೆನ್ನ ಮೇಲೆ! ಕಾರ್ಡೇ ಕಳುವಾದರೆ ಸಂಖ್ಯೆಯೂ ಅದರೊಟ್ಟಿಗೆ ಹೋಯಿತು. ಗೂಗಲಿನಲ್ಲಿ ಹುಡುಕಲು ಹೋದರೆ ಮೋಸಗಾರರು ಹಾಕಿಟ್ಟ ಸಂಖ್ಯೆ ಸಿಕ್ಕೀತು! ಆದ್ದರಿಂದ ಇವತ್ತೇ ಅದನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಎರಡನೇ ಶನಿವಾರ ಯಾವತ್ತು, ಮೂರನೇ ಕೆಲಸದ ದಿನ ಯಾವತ್ತು ಎಂದು ಎಣಿಸಲೂ ಆ ಕ್ಯಾಲೆಂಡರೇ ಬೇಕಲ್ಲ!